ಕ್ರಯಪತ್ರದ ಬೆನ್ನು ತಿರುಗಿಸಿ ನೋಡಿ

ಹಳೆಯ ಕ್ರಯಪತ್ರವೊಂದು ಕೈಗೆ ಬಂದರೆ ನಾವು ಮೊದಲು ಹೆಸರುಗಳನ್ನು ಓದುತ್ತೇವೆ. ಆಮೇಲೆ ಸರ್ವೆ ನಂಬರು, ವಿಸ್ತೀರ್ಣ, ಚಕ್ಕುಬಂದಿ. ಕೊನೆಯಲ್ಲಿ ಸಹಿ, ಹೆಬ್ಬೆಟ್ಟಿನ ಗುರುತು, ಸಾಕ್ಷಿಗಳು, ಬಿಕ್ಕಲಂ. ಇಷ್ಟು ಸರಿಯಿದ್ದರೆ ಪತ್ರ ಸರಿಯಿದೆ ಅಂದುಕೊಂಡು ಮಡಚಿಡುತ್ತೇವೆ. ಛಾಪಾ ಕಾಗದವನ್ನು ತಿರುಗಿಸಿ ಬೆನ್ನು ನೋಡುವವರು ಕಡಿಮೆ. ಅಲ್ಲಿ ಸ್ಟಾಂಪ್ ವೆಂಡರ್ ಅವಸರದಲ್ಲಿ ಗೀಚಿದ ಎರಡು ಮೂರು ಸಾಲು ಇರುತ್ತವೆ: ಕ್ರಮಸಂಖ್ಯೆ, ತಾರೀಖು, ಕೊಂಡವರ ಹೆಸರು, ಯಾರ ಪರವಾಗಿ ಕೊಂಡದ್ದು, ವೆಂಡರ್ ಸಹಿ. ಅದರ ಆಸುಪಾಸಿನಲ್ಲೇ ಸಬ್ ರಿಜಿಸ್ಟ್ರಾರ್ ಕಚೇರಿಯ ಷರಾ, ಮೊಹರು, ಇನ್ನೊಂದಷ್ಟು ತಾರೀಖುಗಳು. ಆ ತಾರೀಖುಗಳನ್ನು ಮುಂದಿನ ಪುಟದ ತಾರೀಖಿನೊಂದಿಗೆ ಇಟ್ಟು ನೋಡಿದಾಗ ಮಾತ್ರ ಪತ್ರದ ನಿಜವಾದ ಕಥೆ ತೆರೆದುಕೊಳ್ಳುತ್ತದೆ.

ಒಂದು ಕ್ರಯಪತ್ರದಲ್ಲಿ ಮುಖ್ಯವಾಗಿ ಮೂರು ತಾರೀಖುಗಳಿರುತ್ತವೆ. ಛಾಪಾ ಕಾಗದ ಕೊಂಡ ದಿನ, ಪತ್ರ ಬರೆದುಕೊಟ್ಟ ದಿನ, ನೋಂದಣಿಯಾದ ದಿನ. ಇವು ಮೂರನ್ನೂ ಬರೆದವರು ಬೇರೆ ಬೇರೆ ಎಂಬುದನ್ನು ಮೊದಲು ಗಮನಿಸಬೇಕು. ಮೊದಲನೆಯದನ್ನು ಬರೆದವನು ಪರವಾನಗಿ ಪಡೆದ ಮಾರಾಟಗಾರ. ಕೊನೆಯದನ್ನು ಬರೆದವರು ಸರ್ಕಾರಿ ಅಧಿಕಾರಿ. ಈ ಇಬ್ಬರಿಗೂ ನಿಮ್ಮ ವ್ಯವಹಾರದಲ್ಲಿ ಪಾಲಿಲ್ಲ. ನಡುವಿನ ತಾರೀಖನ್ನು ಬರೆದವರು ಮಾತ್ರ ಮಾರುವವರು ಮತ್ತು ಕೊಳ್ಳುವವರು. ಹೊಲಕ್ಕೆ ಎರಡು ಕಡೆ ಬದು ಇದ್ದ ಹಾಗೆ, ಹೊರಗಿನವರು ಬರೆದ ಎರಡು ತಾರೀಖುಗಳ ನಡುವೆ ಪಕ್ಷಗಾರರು ಬರೆದ ಒಂದು ತಾರೀಖು ಕೂತಿರುತ್ತದೆ. ಹಕ್ಕು ಯಾವ ದಿನದಿಂದ ಎಂದು ಹೇಳುವುದು ಆ ನಡುವಿನ ತಾರೀಖೇ ಆದ್ದರಿಂದ, ತಿದ್ದುವ ಆಸೆ ಹುಟ್ಟುವುದೂ ಅದರ ಮೇಲೆಯೇ.

ಇದು ಹೇಗೆಂದು ತಿಳಿಯಲು ಒಂದು ಉದಾಹರಣೆ ಕಟ್ಟಿಕೊಳ್ಳೋಣ. ತುಮಕೂರಿನ ಅಂಚಿನಲ್ಲಿ ಮೂವತ್ತು ನಲವತ್ತರ ಒಂದು ನಿವೇಶನ ಎಂದಿಟ್ಟುಕೊಳ್ಳಿ. ವರ್ಷ 1998. ಮಾಲೀಕರು ಅದನ್ನು ಒಬ್ಬ ಶಾಲಾ ಮೇಷ್ಟ್ರಿಗೆ ಮಾರುತ್ತಾರೆ. ಮಾರ್ಚ್ 12ರಂದು ಛಾಪಾ ಕಾಗದ ಕೊಂಡದ್ದು. ಮಾರ್ಚ್ 16ರಂದು ಪತ್ರ ಬರೆದು, ಹಣ ಕೊಟ್ಟು, ಸಹಿ ಹಾಕಿಸಿಕೊಂಡದ್ದು. ಅಷ್ಟರಲ್ಲಿ ಮೇಷ್ಟ್ರ ಮನೆಯಲ್ಲಿ ಯಾರಿಗೋ ಕಾಯಿಲೆ, ಓಡಾಟ. ಸಹಿಯಾದ ಪತ್ರ ಬೀರುವಿನಲ್ಲೇ ಉಳಿಯುತ್ತದೆ. ಇತ್ತ ಮಾಲೀಕರಿಗೆ ದುರಾಸೆ. ಮೇ 4ರಂದು ಅದೇ ನಿವೇಶನವನ್ನು ಹೆಚ್ಚಿನ ಬೆಲೆಗೆ ಒಬ್ಬ ವ್ಯಾಪಾರಿಗೆ ಮಾರಿ, ಅದೇ ದಿನ ನೋಂದಣಿ ಮಾಡಿಸಿಕೊಡುತ್ತಾರೆ. ವ್ಯಾಪಾರಿ ಅಜಾಗರೂಕರಲ್ಲ. ಹಿಂದಿನ ದಿನದವರೆಗೆ ಇ.ಸಿ. ತೆಗೆಸಿದ್ದಾರೆ, ಅದರಲ್ಲಿ ಯಾವ ವಹಿವಾಟೂ ಇಲ್ಲ. ಜೂನ್ 29ರಂದು ಮೇಷ್ಟ್ರು ತಮ್ಮ ಪತ್ರ ಹಿಡಿದು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ನೋಂದಣಿ ಮಾಡಿಸುತ್ತಾರೆ.

ನಿವೇಶನ ಯಾರದು? ಮೊದಲು ನೋಂದಣಿ ಮಾಡಿಸಿದವರು ವ್ಯಾಪಾರಿ, ಆದ್ದರಿಂದ ಅವರದೇ ಎಂದು ಹತ್ತರಲ್ಲಿ ಒಂಬತ್ತು ಮಂದಿ ಹೇಳುತ್ತಾರೆ. ಕಾನೂನು ಹೇಳುವುದು ಬೇರೆ. ನಿವೇಶನ ಮೇಷ್ಟ್ರದು.

ಕಾರಣ 1908ರ ನೋಂದಣಿ ಕಾಯ್ದೆಯ 47ನೇ ಕಲಂ. ನೋಂದಣಿಯಾದ ದಸ್ತಾವೇಜು ಜಾರಿಗೆ ಬರುವುದು ನೋಂದಣಿಯಾದ ದಿನದಿಂದ ಅಲ್ಲ. ನೋಂದಣಿ ಎಂಬುದೇ ಬೇಕಿಲ್ಲದಿದ್ದರೆ ಯಾವ ದಿನದಿಂದ ಜಾರಿಗೆ ಬರುತ್ತಿತ್ತೋ ಆ ದಿನದಿಂದ. ಪತ್ರದಲ್ಲಿ ಬೇರೆ ದಿನ ಹೇಳಿರದಿದ್ದರೆ ಸಾಮಾನ್ಯವಾಗಿ ಅದು ಬರೆದುಕೊಟ್ಟ ದಿನ. ಮೇಷ್ಟ್ರ ಪತ್ರ ಜೂನ್ 29ರಂದು ನೋಂದಣಿಯಾದ ಕೂಡಲೇ ಅದರ ಬಲ ಮಾರ್ಚ್ 16ಕ್ಕೆ ಹಿಂದೆ ಸರಿಯುತ್ತದೆ. ಹಾಗಾದರೆ ಮೇ 4ರಂದು ಮಾಲೀಕರ ಕೈಯಲ್ಲಿ ಮಾರಲು ಏನೂ ಉಳಿದಿರಲಿಲ್ಲ. ಒಂದೇ ಆಸ್ತಿಯ ಮೇಲೆ ಬೇರೆ ಬೇರೆ ದಿನ ಹಕ್ಕು ಕೊಟ್ಟರೆ ಹಿಂದಿನದು ಮುಂದಿನದನ್ನು ಮೀರುತ್ತದೆ ಎಂದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 48ನೇ ಕಲಂ ಕೂಡ ಹೇಳುತ್ತದೆ. ವ್ಯಾಪಾರಿ ಎಷ್ಟೇ ಪ್ರಾಮಾಣಿಕರಾಗಿದ್ದರೂ ಅವರಿಗೆ ಉಳಿಯುವುದು ಮಾರಿದವರ ಮೇಲೆ ಹಣಕ್ಕಾಗಿ ದಾವೆ ಹೂಡುವ ಮತ್ತು ಮೋಸದ ದೂರು ಕೊಡುವ ದಾರಿ. ಇದು ಕಠೋರವೆನಿಸುತ್ತದೆ. ಆದರೆ ಮೇಷ್ಟ್ರ ಕಡೆ ನಿಂತು ನೋಡಿ. ಪೂರ್ತಿ ಹಣ ಕೊಟ್ಟು ಸಹಿ ಹಾಕಿಸಿಕೊಂಡವರು ಅವರು. ಕಾನೂನು ಕೊಟ್ಟ ಅವಧಿಯೊಳಗೇ ನೋಂದಣಿಯನ್ನೂ ಮಾಡಿಸಿದ್ದಾರೆ.

ಆ ಅವಧಿ ನಾಲ್ಕು ತಿಂಗಳು. ಬರೆದುಕೊಟ್ಟ ದಿನದಿಂದ ನಾಲ್ಕು ತಿಂಗಳೊಳಗೆ ಪತ್ರವನ್ನು ನೋಂದಣಿಗೆ ಹಾಜರುಪಡಿಸಬೇಕು. ಮೇಷ್ಟ್ರಿಗೆ ಜುಲೈ 16ರವರೆಗೆ ಸಮಯವಿತ್ತು. ತಪ್ಪಿಸಲಾಗದ ಕಾರಣವಿದ್ದರೆ ಜಿಲ್ಲಾ ನೋಂದಣಾಧಿಕಾರಿ ಇನ್ನೂ ನಾಲ್ಕು ತಿಂಗಳು ಕೊಡಬಹುದು, ಆದರೆ ನೋಂದಣಿ ಶುಲ್ಕದ ಹತ್ತು ಪಟ್ಟಿನವರೆಗೆ ದಂಡ ಹಾಕುವ ಅಧಿಕಾರ ಅವರಿಗಿದೆ. ಅದನ್ನೂ ದಾಟಿದ ಪತ್ರವನ್ನು ಅವರು ತೆಗೆದುಕೊಳ್ಳುವಂತಿಲ್ಲ. ಉಯಿಲಿಗೆ ಮಾತ್ರ ಈ ಗಡುವಿಲ್ಲ, ಅದನ್ನು ಯಾವಾಗ ಬೇಕಾದರೂ ಹಾಜರುಪಡಿಸಬಹುದು. ವಿದೇಶದಲ್ಲಿ ಸಹಿಯಾದ ಪತ್ರಕ್ಕೆ ನಾಲ್ಕು ತಿಂಗಳ ಲೆಕ್ಕ ಶುರುವಾಗುವುದು ಅದು ಭಾರತಕ್ಕೆ ಬಂದ ದಿನದಿಂದ. ಅಣ್ಣತಮ್ಮಂದಿರಲ್ಲಿ ಒಬ್ಬರು ಅಮೆರಿಕದಲ್ಲಿದ್ದು ಅಲ್ಲೇ ಸಹಿ ಹಾಕಿ ಕಳಿಸಿದ ಪತ್ರಗಳಲ್ಲಿ ತಾರೀಖುಗಳ ನಡುವೆ ದೊಡ್ಡ ಅಂತರ ಕಂಡರೆ ಇದೂ ಕಾರಣವಿರಬಹುದು.

ಈಗ ಜುಲೈ ತಿಂಗಳಲ್ಲಿ ಆ ನಿವೇಶನದ ಇ.ಸಿ. ತೆಗೆಸಿದರೆ ಏನು ಕಾಣುತ್ತದೆ ಎಂದು ಯೋಚಿಸಿ. ಎರಡು ನಮೂದುಗಳು. ಒಂದರ ನೋಂದಣಿ ದಿನ ಮೇ 4, ಇನ್ನೊಂದರದು ಜೂನ್ 29. ನೋಂದಣಿಯ ಅಂಕಣವನ್ನಷ್ಟೇ ಓದಿದವರು ವ್ಯಾಪಾರಿಯೇ ಮೊದಲಿಗ ಎನ್ನುತ್ತಾರೆ. ಆದರೆ ಬರೆದುಕೊಟ್ಟ ದಿನಾಂಕಕ್ಕೂ ಇ.ಸಿ.ಯಲ್ಲಿ ಅದರದೇ ಅಂಕಣವಿದೆ. ಅಲ್ಲಿ ಎರಡನೆಯ ನಮೂದಿನ ಎದುರು ಮಾರ್ಚ್ 16 ಎಂದಿರುತ್ತದೆ. ಅದೊಂದು ಅಂಕಣ ಇಡೀ ಉತ್ತರವನ್ನು ಬದಲಿಸುತ್ತದೆ.

ಹಾಗಿದ್ದರೆ ಯಾರು ಬೇಕಾದರೂ ಹಿಂದಿನ ತಾರೀಖು ಹಾಕಿ ಪತ್ರ ಬರೆದು ತಂದರೆ ಗತಿಯೇನು? ಈ ಪ್ರಶ್ನೆ ಬಂದ ಕೂಡಲೇ ಕಾಗದ ತಿರುಗಿಸಬೇಕಾಗುತ್ತದೆ.

ಮೇಷ್ಟ್ರು ಇಲ್ಲವೇ ಇಲ್ಲ ಎಂದುಕೊಳ್ಳಿ. ಮೇ ತಿಂಗಳಲ್ಲಿ ವ್ಯಾಪಾರಿಗೆ ಮಾರಿದ ಮೇಲೆ ಮಾಲೀಕರು ತಮ್ಮದೇ ಸಂಬಂಧಿಕರೊಬ್ಬರ ಹೆಸರಿಗೆ ಪತ್ರ ಬರೆದು, ಅದಕ್ಕೆ ಮಾರ್ಚ್ 16ರ ತಾರೀಖು ಹಾಕಿ, ಜೂನ್‌ನಲ್ಲಿ ನೋಂದಣಿ ಮಾಡಿಸುತ್ತಾರೆ. ಓದಿದರೆ ಮೇಷ್ಟ್ರ ಪತ್ರದಂತೆಯೇ ಇರುತ್ತದೆ. ಆದರೆ ಛಾಪಾ ಕಾಗದದ ಬೆನ್ನಿನಲ್ಲಿ ವೆಂಡರ್ ಬರೆದ ತಾರೀಖು ಮೇ 20! ಮಾರ್ಚ್‌ನಲ್ಲಿ ಕೈಯಲ್ಲಿಲ್ಲದ ಕಾಗದದ ಮೇಲೆ ಮಾರ್ಚ್‌ನಲ್ಲಿ ಸಹಿ ಹಾಕಲು ಸಾಧ್ಯವಿಲ್ಲ. ಕಾಗದ ಕೊಂಡ ದಿನದ ಮುಖ್ಯ ಉಪಯೋಗ ಇದೇ. ಅದು ಹಿಂದಿನ ಬದು. ಪತ್ರ ಅದಕ್ಕಿಂತ ಹಿಂದೆ ಹುಟ್ಟಿರಲಾರದು. ಹಾಗೆಯೇ ಕಚೇರಿಯಲ್ಲಿ ಹಾಜರುಪಡಿಸಿದ ದಿನ ಮುಂದಿನ ಬದು. ಸಹಿ ಅದಕ್ಕಿಂತ ಆಮೇಲೆ ಬಿದ್ದಿರಲಾರದು. ಬಹಳ ಹಳೆಯ ಪತ್ರಗಳಲ್ಲಿ ಕಾಗದದ ಮುದ್ರೆಯೇ ಈ ಕೆಲಸ ಮಾಡುತ್ತದೆ. 1945ರ ತಾರೀಖಿನ ಪತ್ರದ ತಲೆಯ ಮೇಲೆ ಅಶೋಕನ ಸಿಂಹಗಳಿದ್ದರೆ ಅದು ಸುಳ್ಳು, ಏಕೆಂದರೆ ಆ ಲಾಂಛನ ರಾಷ್ಟ್ರದ್ದಾದದ್ದು 1950ರ ಜನವರಿ 26ರಂದು.

ಇಲ್ಲೊಂದು ಮಿತಿಯಿದೆ. ಕಾಗದ ಕೊಂಡ ದಿನ ಮಾರ್ಚ್ 12 ಎಂದಿದ್ದರೆ ಪತ್ರ ಮಾರ್ಚ್ 16ರಂದೇ ಆಯಿತೆಂದು ಅದು ಸಾಬೀತು ಮಾಡುವುದಿಲ್ಲ. ಮಾರ್ಚ್‌ನಲ್ಲಿ ಕೊಂಡ ಖಾಲಿ ಕಾಗದವನ್ನು ಇಟ್ಟುಕೊಂಡು ಮೇ ತಿಂಗಳಲ್ಲಿ ಬರೆದು ಮಾರ್ಚ್‌ನ ತಾರೀಖು ಹಾಕಬಹುದು. ಛಾಪಾ ಕಾಗದದ ತಾರೀಖು ಸುಳ್ಳನ್ನು ಹಿಡಿಯಬಲ್ಲದು, ಆದರೆ ಒಂಟಿಯಾಗಿ ಸತ್ಯವನ್ನು ಸ್ಥಾಪಿಸಲಾರದು. ಅದಕ್ಕಾಗಿಯೇ ಬೆನ್ನಿನ ಉಳಿದ ಸಾಲುಗಳೂ ಮುಖ್ಯ. ಕೊಂಡವರ ಹೆಸರು ಪಕ್ಷಗಾರರದೇ? ಅಥವಾ ವ್ಯವಹಾರಕ್ಕೆ ಸಂಬಂಧವೇ ಇಲ್ಲದ ಮೂರನೆಯವರದೇ? ಎರಡು ಮೂರು ಹಾಳೆಗಳಿದ್ದರೆ ಕ್ರಮಸಂಖ್ಯೆಗಳು ಒಂದರ ಹಿಂದೆ ಒಂದು ಬರುತ್ತವೆಯೇ? ತಗಾದೆಯಾದಾಗ ವೆಂಡರ್ ಇಟ್ಟ ಪುಸ್ತಕವನ್ನು ನ್ಯಾಯಾಲಯಕ್ಕೆ ತರಿಸಿ ಹೋಲಿಸುವುದುಂಟು.

ಛಾಪಾ ಕಾಗದಕ್ಕೆ ಆರು ತಿಂಗಳ ಆಯುಸ್ಸು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಇದು ತಪ್ಪು. ಬಳಸದ ಕಾಗದವನ್ನು ವಾಪಸ್ ಕೊಟ್ಟು ಹಣ ಪಡೆಯಲು 1899ರ ಭಾರತೀಯ ಸ್ಟಾಂಪು ಕಾಯ್ದೆಯ 54ನೇ ಕಲಂ ಆರು ತಿಂಗಳ ಗಡುವು ಇಟ್ಟಿದೆ. ಬಳಸಲು ಗಡುವು ಇಟ್ಟಿಲ್ಲ. 2008ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ತಿರುವೆಂಗಡ ಪಿಳ್ಳೈ ವಿರುದ್ಧ ನವನೀತಮ್ಮಾಳ್ ಪ್ರಕರಣ ಇದನ್ನು ಬಿಡಿಸಿ ಹೇಳಿತು. ತಮಿಳುನಾಡಿನ ಆ ವ್ಯಾಜ್ಯದಲ್ಲಿ 1980ರ ಜನವರಿ 5ರ ತಾರೀಖಿನ ಕ್ರಯದ ಕರಾರು ಪತ್ರವೊಂದಿತ್ತು. ಅದರ ಎರಡು ಛಾಪಾ ಕಾಗದಗಳಲ್ಲಿ ಒಂದನ್ನು ಕೊಂಡದ್ದು 1973ರ ಆಗಸ್ಟ್ 25ರಂದು, ಇನ್ನೊಂದನ್ನು 1978ರ ಆಗಸ್ಟ್ 7ರಂದು. ಕಾಗದ ಹಳೆಯದು ಎಂಬ ಒಂದೇ ಕಾರಣಕ್ಕೆ ಕರಾರು ಅಸಿಂಧುವಾಗದು ಎಂದಿತು ನ್ಯಾಯಾಲಯ. ಅಲ್ಲಿಗೇ ನಿಲ್ಲಲಿಲ್ಲ. ಒಂದೇ ಪತ್ರಕ್ಕೆ ಬೇರೆ ಬೇರೆ ವರ್ಷಗಳಲ್ಲಿ ಕೊಂಡ ಹಳೆಯ ಕಾಗದಗಳನ್ನು ಬಳಸಿದ್ದು ಪತ್ರದ ಸಾಚಾತನವನ್ನು ಶಂಕಿಸಲು ಒಂದು ಸಂದರ್ಭ ಎಂದೂ ಹೇಳಿತು. ಕರಾರು ನಿಜವೆಂದು ರುಜುವಾತಾಗದೆ ಕೊನೆಗೆ ದಾವೆ ವಜಾ ಆಯಿತು. ಪತ್ರ ಸಿಂಧುವೇ ಎಂಬುದು ಒಂದು ಪ್ರಶ್ನೆ, ಪತ್ರ ನಿಜವೇ ಎಂಬುದು ಇನ್ನೊಂದು. ಹಳೆಯ ಕಾಗದ ಮೊದಲನೆಯದಕ್ಕೆ ಅಡ್ಡಿಯಲ್ಲ, ಎರಡನೆಯದಕ್ಕೆ ಅನುಮಾನದ ಬೀಜ. ಈ ಎರಡನ್ನೂ ಬೇರೆಯಾಗಿ ನೋಡಲು ಕಲಿತರೆ ಅರ್ಧ ಗೊಂದಲ ಕಳೆಯುತ್ತದೆ.

ತೆಲಗಿಯ ನಕಲಿ ಛಾಪಾ ಕಾಗದದ ಹಗರಣದ ನಂತರ ಕರ್ನಾಟಕದಲ್ಲಿ ವೆಂಡರ್ ಮಾರುತ್ತಿದ್ದ ಛಾಪಾ ಕಾಗದ ಮರೆಯಾಗಿ, ಕ್ರಮೇಣ ಇ-ಸ್ಟಾಂಪ್ ಬಂದಿತು. ಅದರಲ್ಲಿ IN-KA ಎಂದು ಶುರುವಾಗುವ ಪ್ರಮಾಣಪತ್ರದ ಸಂಖ್ಯೆ ಇರುತ್ತದೆ. ಅದರ ಕೆಳಗೆ Certificate Issued Date ಎಂಬಲ್ಲಿ ತಾರೀಖಿನ ಜೊತೆಗೆ ಗಂಟೆ, ನಿಮಿಷವೂ ಅಚ್ಚಾಗಿರುತ್ತದೆ. ಮೊದಲ ಪಕ್ಷ, ಎರಡನೆಯ ಪಕ್ಷ, ಸುಂಕ ಕೊಟ್ಟವರ ಹೆಸರು, ಯಾವ ಬಗೆಯ ಪತ್ರ ಎಂಬುದೂ ಅಲ್ಲೇ ಇದೆ. ಸಂಖ್ಯೆಯನ್ನು ಜಾಲತಾಣದಲ್ಲಿ ಹಾಕಿ ಪ್ರಮಾಣಪತ್ರ ಅಸಲಿಯೇ ಎಂದು ನೋಡಬಹುದು. ಬೆನ್ನಿನ ಗೀಚಿಗಿಂತ ಇದು ಎಷ್ಟೋ ಗಟ್ಟಿ.

ಪತ್ರದ ತಾರೀಖಿಗಿಂತ ಆಮೇಲಿನ ಸುಂಕ ಪಾವತಿ ಕಂಡರೆ ಎಲ್ಲವೂ ಮೋಸವೆಂದು ಹೌಹಾರಬೇಕಿಲ್ಲ. ಸಹಿಗೆ ಮೊದಲು ಅಥವಾ ಸಹಿಯ ಹೊತ್ತಿಗೆ ಸುಂಕ ಕಟ್ಟಿರಬೇಕು ಎಂಬುದು ಸ್ಟಾಂಪು ಕಾಯ್ದೆಯ ನಿಯಮ, ನಿಜ. ಆದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾರ್ಗಸೂಚಿ ಬೆಲೆಗೆ ತಾಳೆ ನೋಡಿ, ಕಡಿಮೆ ಬಿದ್ದ ಸುಂಕವನ್ನು ಅಲ್ಲಿಯೇ ಕಟ್ಟಿಸಿಕೊಳ್ಳುವುದು ಮಾಮೂಲು. ಆ ಚಲನ್ನಿನ ತಾರೀಖು ಆಮೇಲಿನದೇ ಆಗಿರುತ್ತದೆ. ಹಾಗಾಗಿ ನೋಡಬೇಕಾದದ್ದು ಪತ್ರ ಬರೆದಿರುವ ಆ ಹಾಳೆಯ ತಾರೀಖನ್ನು.

ಇನ್ನು ನಡುವಿನ ತಾರೀಖು. ಪತ್ರದ ಮೊದಲ ಸಾಲಿನಲ್ಲೇ ಇಂತಹ ಇಸವಿ, ಇಂತಹ ತಿಂಗಳು, ಇಂತಹ ದಿನ ಬರೆದುಕೊಟ್ಟ ಶುದ್ಧ ಕ್ರಯಪತ್ರ ಎಂದಿರುತ್ತದೆ. ಆದರೆ ಕಾನೂನಿನಲ್ಲಿ ಬರೆದುಕೊಡುವುದು ಎಂದರೆ ಬರೆಯುವುದಲ್ಲ, ಸಹಿ ಹಾಕುವುದು. ಟೈಪಾದ ದಿನ ಬೇರೆ, ಸಹಿಯಾದ ದಿನ ಬೇರೆ ಆದರೆ ಲೆಕ್ಕಕ್ಕೆ ಬರುವುದು ಸಹಿಯ ದಿನ. ಮನೆಮಂದಿ ಐದಾರು ಜನ ಸೇರಿ ಮಾರುವಾಗ ಎಲ್ಲರೂ ಒಂದೇ ದಿನ ಸಹಿ ಹಾಕಿರಬೇಕೆಂದಿಲ್ಲ. ಹಾಗಾದಾಗ ಒಬ್ಬೊಬ್ಬರ ಸಹಿಯ ದಿನದಿಂದ ನಾಲ್ಕು ತಿಂಗಳ ಲೆಕ್ಕ ಬೇರೆಯಾಗಿಯೇ ನಡೆಯುತ್ತದೆ. ಸಹಿಯ ಕೆಳಗೆ ತಾರೀಖು ಹಾಕುವ ಅಭ್ಯಾಸ ನಮ್ಮಲ್ಲಿ ಕಡಿಮೆ, ಅದು ಹೆಚ್ಚಬೇಕು ಎಂದು ನನಗೆ ಅನಿಸುತ್ತದೆ.

ಸಹಿ ಬಿದ್ದ ಮೇಲೆ ಪತ್ರ ಅಲ್ಲಿಗೆ ಮುಗಿಯಿತು. 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದ ಕನ್ವರ್ ರಾಜ್ ಸಿಂಗ್ ವಿರುದ್ಧ ಗೆಜೋ ಪ್ರಕರಣದಲ್ಲಿ ಕ್ರಯಪತ್ರಕ್ಕೆ ಸಹಿಯಾದದ್ದು 1975ರ ಜೂನ್ 6ರಂದು, ನೋಂದಣಿಯಾದದ್ದು ಜುಲೈ 23ರಂದು. ಈ ನಡುವಿನ ಆರೇಳು ವಾರದಲ್ಲಿ, ಇಡೀ ಜಮೀನಿನ ಬದಲು ಮೂರನೇ ಒಂದು ಪಾಲು ಮಾತ್ರ ಮಾರಿದಂತೆ ಪತ್ರದಲ್ಲಿ ಪದಗಳನ್ನು ಸೇರಿಸಲಾಗಿತ್ತು. ಕೊಂಡವರಿಗೆ ಅದು ತಿಳಿದಿರಲಿಲ್ಲ. 47ನೇ ಕಲಮಿನ ಪ್ರಕಾರ ಪತ್ರ ಜಾರಿಗೆ ಬಂದದ್ದು ಜೂನ್ 6ರಂದೇ, ಆ ದಿನ ಹೇಗಿತ್ತೋ ಹಾಗೆಯೇ ಅದನ್ನು ಓದಬೇಕು, ಆಮೇಲೆ ಏಕಪಕ್ಷೀಯವಾಗಿ ಸೇರಿಸಿದ್ದನ್ನು ಬದಿಗಿಡಬೇಕು ಎಂದಿತು ನ್ಯಾಯಾಲಯ. ಬರೆದುಕೊಟ್ಟ ದಿನ ಹಕ್ಕಿನ ಆರಂಭವನ್ನಷ್ಟೇ ಅಲ್ಲ, ಪತ್ರದ ಒಕ್ಕಣೆಯನ್ನೂ ಕಟ್ಟಿ ನಿಲ್ಲಿಸುತ್ತದೆ.

ಹಾಗಾದರೆ ನೋಂದಣಿಯ ದಿನಕ್ಕೆ ಬೆಲೆಯಿಲ್ಲವೇ? ಬಹಳ ಇದೆ. ನೂರು ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ಬೆಲೆಯ ಸ್ಥಿರಾಸ್ತಿಯ ಮಾರಾಟ ನೋಂದಣಿಯಾದ ಪತ್ರದಿಂದ ಮಾತ್ರ ಆಗಬಲ್ಲದು. ಜುಲೈ 16 ದಾಟಿ, ಹೆಚ್ಚುವರಿ ಅವಧಿಯೂ ದಾಟಿ ಬೀರುವಿನಲ್ಲೇ ಉಳಿದಿದ್ದರೆ ಮೇಷ್ಟ್ರ ಪತ್ರ ಹಕ್ಕು ಕೊಡದ ಕಾಗದವಾಗುತ್ತಿತ್ತು. ಮಾರ್ಚ್ 16ರ ಬಲವೆಲ್ಲ ಬಂದದ್ದು ಜೂನ್ 29ರಂದು ನೋಂದಣಿ ಆದದ್ದರಿಂದಲೇ. ಇದಲ್ಲದೆ, ನೋಂದಣಿಯಾದ ದಿನದಿಂದ ಆ ವ್ಯವಹಾರ ಊರಿಗೆಲ್ಲ ತಿಳಿದಂತೆ ಎಂದು ಕಾನೂನು ಭಾವಿಸುತ್ತದೆ. ಆಮೇಲೆ ಕೊಂಡವರು ನನಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ.

ಕಚೇರಿಯ ಷರಾದಲ್ಲಿ ಒಂದಲ್ಲ, ಕೆಲವು ತಾರೀಖುಗಳಿರುತ್ತವೆ. ಇಂತಹ ದಿನ, ಇಷ್ಟು ಗಂಟೆಗೆ ಹಾಜರು ಮಾಡಲ್ಪಟ್ಟಿದೆ ಎಂಬುದು ಮೊದಲನೆಯದು. ನಾಲ್ಕು ತಿಂಗಳ ಗಡುವಿಗೆ ಲೆಕ್ಕವಾಗುವುದು ಇದು. ಆಮೇಲೆ ಬರೆದುಕೊಟ್ಟವರು ಬರೆದುಕೊಟ್ಟಿದ್ದಾಗಿ ಒಪ್ಪಿರುತ್ತಾರೆ ಎಂಬ ಸಾಲು, ಗುರುತಿಸುವವರ ಸಹಿ. ಕೊನೆಗೆ 1ನೇ ಪುಸ್ತಕದ ಇಂತಹ ನಂಬರಿನ ದಸ್ತಾವೇಜಾಗಿ ಇಂತಹ ದಿನ ನೋಂದಾಯಿಸಲಾಗಿದೆ ಎಂಬ ಪ್ರಮಾಣ. ಇಂದು ಇವೆಲ್ಲ ಸಾಮಾನ್ಯವಾಗಿ ಒಂದೇ ದಿನ ಮುಗಿಯುತ್ತವೆ. ಆದರೆ ಬೆಲೆ ಕಡಿಮೆ ತೋರಿಸಿದ್ದಾರೆಂಬ ಅನುಮಾನದಿಂದ ಪತ್ರ ಬಾಕಿ ಉಳಿದರೆ ಹಾಜರುಪಡಿಸಿದ ದಿನಕ್ಕೂ ನೋಂದಣಿಯಾದ ದಿನಕ್ಕೂ ತಿಂಗಳುಗಟ್ಟಲೆ ಅಂತರ ಬೀಳಬಹುದು. ಆ ಅಂತರ ಗಡುವು ಮೀರಿದ್ದರ ಗುರುತಲ್ಲ.

ನೋಂದಣಿ ಪೂರ್ತಿಯಾಗುವ ದಿನವೇ ನಿರ್ಣಾಯಕವಾದ ಸಂದರ್ಭಗಳೂ ಇವೆ. ಬಿಹಾರದ ರಾಮ್ ಸರನ್ ಲಾಲ್ ಪ್ರಕರಣ ಇದಕ್ಕೆ ಹೆಸರಾದದ್ದು. ಅಲ್ಲಿ 1946ರ ಜನವರಿ 31ರಂದು ಪತ್ರ ಬರೆದು ಅದೇ ದಿನ ಹಾಜರುಪಡಿಸಿದ್ದರು. ಕಚೇರಿಯ ಪುಸ್ತಕಕ್ಕೆ ನಕಲಿಳಿಸುವ ಕೆಲಸ ಮುಗಿದದ್ದು ಫೆಬ್ರವರಿ 9ಕ್ಕೆ. ಆ ಆಸ್ತಿಯನ್ನು ಬೇರೆಯವರಿಗಿಂತ ಮೊದಲು ಕೊಳ್ಳುವ ಹಕ್ಕು ತನಗಿದೆ ಎಂದವರು ಫೆಬ್ರವರಿ 2ರಂದು ಬೇಡಿಕೆ ಇಟ್ಟಿದ್ದರು. ಮಾರಾಟ ಪೂರ್ತಿಯಾದ ಮೇಲೆ ಇಡಬೇಕಾದ ಬೇಡಿಕೆ ಅದು. ಮಾರಾಟ ಪೂರ್ತಿಯಾದದ್ದು ಫೆಬ್ರವರಿ 9ರಂದು, ಆದ್ದರಿಂದ ಬೇಡಿಕೆ ಅವಧಿಗೆ ಮುಂಚಿನದು ಎಂದು 1961ರಲ್ಲಿ ಸುಪ್ರೀಂ ಕೋರ್ಟು ತಳ್ಳಿಹಾಕಿತು. ನೋಂದಣಿಯಾದ ಪತ್ರದ ಬಲ ಹಿಂದಕ್ಕೆ ಸರಿಯುವುದು ಒಂದು ಮಾತು, ಮಾರಾಟ ಯಾವಾಗ ಮುಗಿಯಿತು ಎಂಬುದು ಬೇರೆ ಮಾತು. ಸಹಿಗೂ ನೋಂದಣಿಗೂ ನಡುವೆ ಅದೇ ಆಸ್ತಿಯ ಮೇಲೆ ಯಾರಾದರೂ ದಾವೆ ಹೂಡಿದ್ದರೆ 47ನೇ ಕಲಂ ಹಿಡಿದು ಆ ದಾವೆಯ ಪರಿಣಾಮದಿಂದ ತಪ್ಪಿಸಿಕೊಳ್ಳಲಾಗದು ಎಂದೂ 2010ರ ಹರ್ ನಾರಾಯಣ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಹೇಳಿದೆ.

ಈಗ ಮತ್ತೆ ಆ ವ್ಯಾಪಾರಿಯ ಜಾಗದಲ್ಲಿ ನಿಂತು ನೋಡಿ. ಮೇ 3ರಂದು ಅವರು ಇನ್ನೇನು ಮಾಡಬಹುದಿತ್ತು? ಇ.ಸಿ.ಯಲ್ಲಿ ಕಾಣುವುದು ನೋಂದಣಿಯಾದದ್ದು ಮಾತ್ರ, ಬೀರುವಿನಲ್ಲಿರುವ ಪತ್ರ ಅದಕ್ಕೆ ಕಾಣದು. ಹಾಗಾಗಿ ಕೊಳ್ಳುವ ದಿನಕ್ಕೆ ಮುಂಚಿನ ನಾಲ್ಕು ತಿಂಗಳು ಒಂದು ಮಬ್ಬು ಅವಧಿ ಎಂದೇ ಹಿಡಿಯಬೇಕು. ಅಲ್ಲಿ ನೆರವಾಗುವುದು ಬೇರೆ ಸಂಗತಿಗಳು. ಮಾರುವವರ ಕೈಯಲ್ಲಿ ಮೂಲ ಪತ್ರ ಇದೆಯೇ ಎಂದು ಕೇಳಬೇಕಿತ್ತು. ಈಗಾಗಲೇ ಒಬ್ಬರಿಗೆ ಬರೆದುಕೊಟ್ಟಿದ್ದರೆ ಮೂಲ ಪತ್ರ ಅವರ ಕೈ ಸೇರಿರುವುದೇ ಹೆಚ್ಚು, ಕಳೆದುಹೋಗಿದೆ ಎಂಬ ಮಾತು ಬಂದರೆ ಅಲ್ಲೇ ನಿಲ್ಲಬೇಕು. ನಿವೇಶನಕ್ಕೆ ಹೋಗಿ ಸುತ್ತ ಕಲ್ಲು ನೆಟ್ಟವರು ಯಾರು, ಗಿಡ ಹಾಕಿದವರು ಯಾರು ಎಂದು ಪಕ್ಕದ ಮನೆಯವರನ್ನು ವಿಚಾರಿಸಬೇಕಿತ್ತು. ಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆ ಕೊಡಬಹುದಿತ್ತು. ಕಚೇರಿಯಲ್ಲಿ ಬಾಕಿ ಉಳಿದ ದಸ್ತಾವೇಜು ಇದೆಯೇ ಎಂದು ಕೇಳಬಹುದಿತ್ತು. ಹಣದ ಕೊನೆಯ ಕಂತನ್ನು ಒಂದಿಷ್ಟು ತಡೆದು, ನಾಲ್ಕು ತಿಂಗಳ ನಂತರ ಇನ್ನೊಂದು ಇ.ಸಿ. ತೆಗೆಸಿ ಕೊಡುವ ಒಪ್ಪಂದವನ್ನು ಮಾರುವವರು ಒಪ್ಪಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ.

ಮೇಷ್ಟ್ರ ಜಾಗದಲ್ಲಿದ್ದವರಿಗೆ ಹೇಳುವುದು ಇನ್ನೂ ಚಿಕ್ಕದು. ಅವರ ಮಾರ್ಚ್ 16ನ್ನು ಕಾಪಾಡಿದ್ದು ಕ್ರಯಪತ್ರವೊಂದೇ ಆಗಲಾರದು. ವ್ಯಾಪಾರಿಯ ವಕೀಲರು ಆ ತಾರೀಖನ್ನು ಖಂಡಿತ ಪ್ರಶ್ನಿಸುತ್ತಾರೆ. ಆಗ ಬೇಕಾಗುವುದು ಅದೇ ವಾರದ ಡಿ.ಡಿ. ಅಥವಾ ಚೆಕ್ಕಿನ ನಮೂದು ಇರುವ ಬ್ಯಾಂಕಿನ ಪಾಸ್‌ಪುಸ್ತಕ, ಆ ದಿನ ಸಹಿ ಹಾಕಿದ ಸಾಕ್ಷಿಗಳು, ಪತ್ರ ಬರಹಗಾರ, ಮತ್ತು ಕಾಗದದ ಬೆನ್ನಿನ ಮೇಲೆ ವೆಂಡರ್ ಬರೆದ ಮಾರ್ಚ್ 12.